ಹಿರಿಯರ ರೆಸ್ಯೂಮೆ, ಕೆಳಗಿನ ಹುದ್ದೆ: ಶಾರ್ಟ್‌ಲಿಸ್ಟ್‌ನಲ್ಲಿ ಉಳಿಯುವುದು ಹೇಗೆ?

ನೇಮಕಾತಿ ಮಾಡುವವರು ಒಂದು ರೆಸ್ಯೂಮೆ ನೋಡಿ "ಇವರಿಗೆ ಅನುಭವ ಜಾಸ್ತಿಯಾಯಿತು" ಎಂದರೆ, ಅದರ ಹಿಂದೆ ಮೂರು ಅನುಮಾನಗಳಿರುತ್ತವೆ. ಇವರು ಕೇಳುವ ಸಂಬಳ ಕೊಡಲು ನಮ್ಮಿಂದ ಆಗುತ್ತದೆಯೇ? ಒಳ್ಳೆಯದು ಸಿಕ್ಕ ಕೂಡಲೇ ಬಿಟ್ಟು ಹೋಗುತ್ತಾರೆಯೇ? ತಮಗಿಂತ ಕಿರಿಯರು ಮ್ಯಾನೇಜರ್ ಆಗಿದ್ದರೆ ಹೊಂದಿಕೊಳ್ಳುತ್ತಾರೆಯೇ? ಇವು ಎಲ್ಲರಿಗೂ ಗೊತ್ತಿರುವಂಥವೇ. ಆದರೆ ಬಾಯಿಬಿಟ್ಟು ಯಾರೂ ಹೇಳದ ನಾಲ್ಕನೆಯದೊಂದಿದೆ. ಈ ಕೆಲಸವನ್ನು ಇವರು ಈಗಲೂ ತಮ್ಮ ಕೈಯಾರೆ ಮಾಡುತ್ತಾರಾ, ಅಥವಾ ಹತ್ತು ವರ್ಷದಿಂದ ಬರೀ ಮಾಡಿಸುತ್ತಿದ್ದಾರಾ? ನನ್ನ ಪ್ರಕಾರ ಹಿರಿಯರ ರೆಸ್ಯೂಮೆ ಹೆಚ್ಚಾಗಿ ಎಡವುವುದು ಇಲ್ಲೇ. ಒಳ್ಳೆಯ ಸುದ್ದಿ ಏನೆಂದರೆ, ರೆಸ್ಯೂಮೆ ತಿದ್ದಿ ಹೆಚ್ಚಾಗಿ ಸರಿಮಾಡಬಹುದಾದ ಅನುಮಾನವೂ ಇದೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 19 ವರ್ಷ ಅನುಭವದ ಒಬ್ಬ ಮಹಿಳೆ. ಈಗಿನ ಹುದ್ದೆ ಫೈನಾನ್ಸ್ ಹೆಡ್, ಕೈಕೆಳಗೆ 14 ಜನ. ಅವರು ಅರ್ಜಿ ಹಾಕುತ್ತಿರುವುದು ಫೈನಾನ್ಷಿಯಲ್ ಅನಲಿಸ್ಟ್ ಹುದ್ದೆಗೆ. ಜಾಹೀರಾತಿನಲ್ಲಿ ಕೇಳಿರುವುದು 5ರಿಂದ 8 ವರ್ಷ ಅನುಭವ. ಆ ಹುದ್ದೆಯವರು ಫೈನಾನ್ಸ್ ಮ್ಯಾನೇಜರ್‌ಗೆ ರಿಪೋರ್ಟ್ ಮಾಡಬೇಕು.

ಅಂತರ ಎಷ್ಟಿದೆ ಎಂದು ತಿಳಿಯಲು ವರ್ಷ ಎಣಿಸಿದರೆ ಸಾಲದು. ಜಾಹೀರಾತಿನ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ: ತಯಾರಿಸುವುದು, ತಾಳೆ ನೋಡುವುದು, ಅಂದಾಜಿಸುವುದು, ವಿವರಿಸುವುದು. ಆಮೇಲೆ ನಿಮ್ಮ ರೆಸ್ಯೂಮೆಯ ಕೊನೆಯ ಎರಡು ಹುದ್ದೆಗಳ ಸಾಲುಗಳಿಗೂ ಹಾಗೇ ಮಾಡಿ. ಅಲ್ಲಿ ನೇತೃತ್ವ ವಹಿಸಿದೆ, ಮೇಲ್ವಿಚಾರಣೆ ಮಾಡಿದೆ, ಮಾರ್ಗದರ್ಶನ ನೀಡಿದೆ ಎಂದೇ ತುಂಬಿದ್ದರೆ ಆ ಎರಡು ಕಾಗದ ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡುತ್ತಿವೆ ಎಂದರ್ಥ. ಇನ್ನೊಂದು ಗುರುತು, ಮೇಲಧಿಕಾರಿಯ ಹುದ್ದೆ. ನಮ್ಮ ಉದಾಹರಣೆಯಲ್ಲಿ ಮೇಲಧಿಕಾರಿಯಾಗುವವರು ಮ್ಯಾನೇಜರ್. ಅರ್ಜಿದಾರರು ಈಗಾಗಲೇ ಮ್ಯಾನೇಜರ್‌ಗಳ ಮೇಲಿರುವವರು. ಹಾಗಾಗಿ ಸುಮ್ನೆ ನಾಲ್ಕು ಪದ ಬದಲಾಯಿಸಿ ಕಳಿಸಿದರೆ ಆಗುವುದಿಲ್ಲ, ಕಾರಣವನ್ನೂ ಬರೆಯಬೇಕಾಗುತ್ತದೆ.

ಮೊದಲು ಅನುಭವದ ಸಾಲುಗಳು. ಆಕೆಯ ರೆಸ್ಯೂಮೆಯಲ್ಲಿ ಹೀಗಿತ್ತು ಅಂದುಕೊಳ್ಳಿ: "14 ಜನರ ತಂಡದ ನೇತೃತ್ವ ವಹಿಸಿ, ವಾರ್ಷಿಕ ಬಜೆಟ್ ಪ್ರಕ್ರಿಯೆಯ ಮೇಲ್ವಿಚಾರಣೆ ನಡೆಸಿ, ನಿರ್ದೇಶಕ ಮಂಡಳಿಗೆ ವರದಿ ಸಲ್ಲಿಸುವುದು." ಹಿರಿಯ ಹುದ್ದೆಗಾದರೆ ಚೆನ್ನಾಗಿಯೇ ಇದೆ. ಅನಲಿಸ್ಟ್ ಹುದ್ದೆಗೆ ರೆಸ್ಯೂಮೆ ಆರಿಸುವವರು ಹುಡುಕುತ್ತಿರುವ ಒಂದು ಸಂಗತಿಯೂ ಇದರಲ್ಲಿಲ್ಲ. ಈಗ ಆಕೆಯನ್ನು ಕೇಳಬೇಕಾದ ಪ್ರಶ್ನೆ: ಮಂಡಳಿಗೆ ಹೋಗುವ ವರದಿಯಲ್ಲಿ ನೀವೇ ಕೂತು ಮಾಡುವುದು ಏನು? ಬಜೆಟ್‌ಗೂ ನಿಜವಾದ ಖರ್ಚಿಗೂ ಇರುವ ವ್ಯತ್ಯಾಸದ ಶೀಟನ್ನು ಪ್ರತಿ ತಿಂಗಳೂ ತಾನೇ ಮಾಡುತ್ತೇನೆ ಎಂದರೆ, ಆ ಸಾಲು ಮೇಲೆ ಬರಬೇಕು: "ತಿಂಗಳ ಬಜೆಟ್ ಮತ್ತು ವಾಸ್ತವ ಖರ್ಚಿನ ವ್ಯತ್ಯಾಸದ ವರದಿಯನ್ನು ಎಕ್ಸೆಲ್‌ನಲ್ಲಿ ನಾನೇ ತಯಾರಿಸುತ್ತೇನೆ. ಖರ್ಚು ಏರಿದ ಕಡೆ ವಿಭಾಗದವರ ಜೊತೆ ಕೂತು ಕಾರಣ ಹುಡುಕಿ, ಮುಂದಿನ ಮೂರು ತಿಂಗಳ ಅಂದಾಜು ತಿದ್ದುತ್ತೇನೆ." ತಂಡದ ಗಾತ್ರವನ್ನು ಮುಚ್ಚಿಡಬೇಕಿಲ್ಲ. ಹುದ್ದೆಯ ಕೊನೆಯ ಸಾಲಿನಲ್ಲಿ ಒಮ್ಮೆ ಹೇಳಿದರೆ ಸಾಕು.

ಆಕೆ ಆ ಶೀಟನ್ನು ಮುಟ್ಟಿ ಆರು ವರ್ಷ ಆಗಿದ್ದರೆ? ಆಗ ಮೇಲಿನ ಸಾಲು ಸುಳ್ಳು. ಇಂಥ ಹುದ್ದೆಗಳ ಸಂದರ್ಶನದಲ್ಲಿ ಒಂದು ಫೈಲ್ ಕೊಟ್ಟು ಅಲ್ಲೇ ಮಾಡಿ ತೋರಿಸಿ ಎನ್ನುವುದು ಸಾಮಾನ್ಯ. ಹಾಗಾಗಿ ಮೊದಲು ತಂಡದವರಿಂದ ಒಂದು ವರದಿಯನ್ನು ಕೈಗೆ ತೆಗೆದುಕೊಂಡು ಎರಡು ಮೂರು ತಿಂಗಳು ತಾವೇ ಮಾಡಬೇಕು. ರೆಸ್ಯೂಮೆಗೆ ಬರೆಯುವುದು ಆಮೇಲೆ.

ಇನ್ನು ಮೇಲ್ಭಾಗದ ಸಾರಾಂಶ. "19ಕ್ಕೂ ಹೆಚ್ಚು ವರ್ಷಗಳ ಅನುಭವವಿರುವ, ದೂರದೃಷ್ಟಿಯ ನಾಯಕಿ" ಎಂದು ಶುರುವಾದರೆ ಓದುವವರ ತೀರ್ಮಾನ ಮೊದಲ ಸಾಲಿಗೇ ಮುಗಿದಿರುತ್ತದೆ. ಬದಲಿಗೆ ಕೆಲಸದ ಹೆಸರಿನಿಂದ ಶುರುಮಾಡಿ, ಎರಡನೆಯ ವಾಕ್ಯದಲ್ಲಿ ಕಾರಣ ಹೇಳಬೇಕು: "ಬಜೆಟ್, ಮುನ್ನಂದಾಜು ಮತ್ತು ಖರ್ಚಿನ ವಿಶ್ಲೇಷಣೆ ನನ್ನ ಮುಖ್ಯ ಕೆಲಸ. ತಂಡ ನಡೆಸುವ ಹುದ್ದೆ ಬಿಟ್ಟು ಪೂರ್ಣ ಸಮಯ ವಿಶ್ಲೇಷಣೆಯನ್ನೇ ಮಾಡಬೇಕೆಂದು ಈ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ." ಬಿಟ್ಟು ಹೋಗುತ್ತಾರೆ ಎಂಬ ಅನುಮಾನಕ್ಕೆ ಇಷ್ಟು ಉತ್ತರ ಸಾಕು. ಒತ್ತಡ ಸಾಕಾಯಿತು, ಯಾವ ಹುದ್ದೆಯಾದರೂ ಸರಿ, ಸಂಬಳ ಎಷ್ಟಾದರೂ ಪರವಾಗಿಲ್ಲ ಎಂಬ ಮಾತುಗಳು ರೆಸ್ಯೂಮೆಗೆ ಬೇಡ. ಅನುಮಾನ ಇನ್ನೂ ಹೆಚ್ಚುತ್ತದೆ.

ಹಳೆಯ ವರ್ಷಗಳನ್ನು ಏನು ಮಾಡುವುದು? ಕೊನೆಯ 10 ವರ್ಷವನ್ನು ವಿವರವಾಗಿ ಬರೆದು, ಅದಕ್ಕೂ ಹಿಂದಿನದನ್ನು "ಹಿಂದಿನ ಅನುಭವ" ಎಂಬ ತಲೆಬರಹದಡಿ ಹುದ್ದೆ, ಸಂಸ್ಥೆ ಎಂದು ಒಂದೊಂದು ಸಾಲಿಗೆ ಇಳಿಸಬಹುದು. ರೆಸ್ಯೂಮೆ ಎಂದರೆ ಆಯ್ದು ಹೇಳುವ ಕಾಗದ ತಾನೇ, ಇದರಲ್ಲಿ ಮೋಸವಿಲ್ಲ. ಈ ಹುದ್ದೆಗೆ ಬೇಡದ ದೊಡ್ಡ ಪದವಿ, ಪ್ರಶಸ್ತಿ, ಭಾಷಣಗಳನ್ನೂ ಬಿಡಬಹುದು. ಆದರೆ ಅರ್ಜಿ ಫಾರ್ಮ್‌ನಲ್ಲಿ "ಎಲ್ಲ ಪದವಿ, ಎಲ್ಲ ಉದ್ಯೋಗ ತಿಳಿಸಿ" ಎಂದು ಕೇಳಿದ್ದರೆ ಎಲ್ಲವನ್ನೂ ತುಂಬಲೇಬೇಕು. ಫಾರ್ಮ್‌ಗೂ ರೆಸ್ಯೂಮೆಗೂ ಇರುವ ಈ ವ್ಯತ್ಯಾಸ ತುಂಬ ಜನಕ್ಕೆ ಗೊತ್ತಿಲ್ಲ.

ಹುದ್ದೆಯ ಹೆಸರನ್ನು ಮಾತ್ರ ಮುಟ್ಟಬೇಡಿ. ಫೈನಾನ್ಸ್ ಹೆಡ್ ಆಗಿದ್ದವರು ಸೀನಿಯರ್ ಅನಲಿಸ್ಟ್ ಎಂದು ಬರೆದುಕೊಂಡರೆ, ಕೆಲಸ ಸಿಕ್ಕ ಮೇಲೆ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ಹಳೆಯ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳುವುದೇ ಹುದ್ದೆ ಮತ್ತು ದಿನಾಂಕಗಳನ್ನು. ಅಸಲು ಹೆಸರು ಹಾಗೇ ಇರಲಿ, ಪಕ್ಕದಲ್ಲಿ ಒಂದು ಅಡ್ಡಗೆರೆ ಎಳೆದು "ಬಜೆಟ್ ಮತ್ತು ವಿಶ್ಲೇಷಣೆ" ಎಂದು ಕೆಲಸ ಬರೆಯಿರಿ. ಲಿಂಕ್ಡ್‌ಇನ್ ಪ್ರೊಫೈಲ್ ಕೂಡ ಇದಕ್ಕೆ ಹೊಂದಬೇಕು. ರೆಸ್ಯೂಮೆ ಇಷ್ಟವಾದ ಮೇಲೆ ನೇಮಕಾತಿ ಮಾಡುವ ನಾವು ನೋಡುವುದು ಅದನ್ನೇ. ಅಲ್ಲಿ ಇನ್ನೂ "ಮುಂದಿನ ಸಿಎಫ್ಒ ಅವಕಾಶಕ್ಕಾಗಿ" ಎಂದಿದ್ದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ರೆಸ್ಯೂಮೆಯ ಆಟ ನಡೆಯುವುದಿಲ್ಲ. ಜಾಬ್ ಪೋರ್ಟಲ್‌ನಲ್ಲಿ "ಒಟ್ಟು ಅನುಭವ" ಎಂಬ ಜಾಗದಲ್ಲಿ ನೀವು 19 ಎಂದು ತುಂಬಿರುತ್ತೀರಿ, ಹುಡುಕುವವರು 5ರಿಂದ 8 ಎಂದು ಫಿಲ್ಟರ್ ಹಾಕಿರುತ್ತಾರೆ. ಅವರಿಗೆ ನಿಮ್ಮ ರೆಸ್ಯೂಮೆ ಕಾಣುವುದೇ ಇಲ್ಲ. ಅಲ್ಲಿ 8 ಎಂದು ತುಂಬುವ ಆಸೆ ಬರುತ್ತದೆ, ಬೇಡ. ಇಂಥ ಹುದ್ದೆಗೆ ಒಳಗಿರುವ ಪರಿಚಯದವರಿಂದ ರೆಫರಲ್ ಪಡೆಯುವುದು ಅಥವಾ ತಂಡದ ಮ್ಯಾನೇಜರ್‌ಗೇ ನಾಲ್ಕು ಸಾಲು ಬರೆಯುವುದು ಒಳ್ಳೆಯ ದಾರಿ. ಜಾಹೀರಾತಿನಲ್ಲಿ ಸಂಬಳದ ಮಿತಿ ಕೊಟ್ಟಿದ್ದರೆ ಅದನ್ನು ಹೇಳುವ ಜಾಗವೂ ಆ ಪತ್ರವೇ: "ನೀವು ತಿಳಿಸಿರುವ ಸಂಬಳದ ಮಿತಿ ನನಗೆ ಒಪ್ಪಿಗೆ, ಅದನ್ನು ನೋಡಿಯೇ ಅರ್ಜಿ ಹಾಕಿದ್ದೇನೆ." ಮಿತಿ ಕೊಟ್ಟಿಲ್ಲದಿದ್ದರೆ ನೀವಾಗಿ ಅಂಕಿ ಹೇಳಬೇಡಿ; ಮೊದಲ ಫೋನ್ ಕರೆಯಲ್ಲಿ ಅವರ ಮಿತಿ ಎಷ್ಟೆಂದು ನೀವೇ ಕೇಳಿ.