ಗ್ರೇ ಕಾರ್ಡ್ ಹಿಡಿದರೂ ಮುಖ ಹಳದಿಯಾಗಿ ಬರುತ್ತಿದೆ, ಯಾಕೆ?

ಪ್ರಶ್ನೆ: ಕಿಟಕಿ ಪಕ್ಕ ಕೂರಿಸಿ ಪೋರ್ಟ್ರೇಟ್ ತೆಗೆಯುತ್ತೇನೆ. ಟೇಬಲ್ ಮೇಲೆ ಗ್ರೇ ಕಾರ್ಡ್ ಇಟ್ಟು ಅದರಿಂದಲೇ ವೈಟ್ ಬ್ಯಾಲೆನ್ಸ್ ಸೆಟ್ ಮಾಡಿಕೊಂಡರೂ ಮುಖದ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ. ಕಾರ್ಡೇ ಸರಿಯಿಲ್ಲವೇ?

ಉತ್ತರ: ಕಾರ್ಡ್ ಸರಿಯಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಇಟ್ಟ ಜಾಗ ಮತ್ತು ಕೋಣೆಯ ಬೆಳಕು ಎರಡನ್ನೂ ನೋಡಬೇಕು.

ಗ್ರೇ ಕಾರ್ಡ್ ಕೆಂಪು, ಹಸಿರು, ನೀಲಿ ಮೂರನ್ನೂ ಒಂದೇ ಪ್ರಮಾಣದಲ್ಲಿ ಪ್ರತಿಫಲಿಸುತ್ತದೆ. ಹಾಗಾಗಿ ಕ್ಯಾಮೆರಾಗೆ ಅದರಲ್ಲಿ ಕಾಣುವ ಬಣ್ಣ ಕಾರ್ಡಿನದ್ದಲ್ಲ, ಅದರ ಮೇಲೆ ಬಿದ್ದ ಬೆಳಕಿನದ್ದು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಕಾರ್ಡಿನಿಂದ ಕೆಂಪು 150, ಹಸಿರು 120, ನೀಲಿ 80 ಬಂತು. ಕ್ಯಾಮೆರಾ ಹಸಿರನ್ನು ಹಾಗೇ ಬಿಟ್ಟು, ಕೆಂಪನ್ನು 0.8ರಿಂದ, ನೀಲಿಯನ್ನು 1.5ರಿಂದ ಗುಣಿಸುತ್ತದೆ. ಮೂರೂ 120ಕ್ಕೆ ಬರುತ್ತವೆ, ಕಾರ್ಡ್ ಬೂದು ಬಣ್ಣಕ್ಕೆ ತಿರುಗುತ್ತದೆ. ಇದೇ ಗುಣಾಕಾರ ಇಡೀ ಫೋಟೋಗೆ ಅನ್ವಯವಾಗುತ್ತದೆ, ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಇಡೀ ಚಿತ್ರಕ್ಕೆ ಇರುವುದು ಒಂದೇ ತಿದ್ದುಪಡಿ, ನಿಮ್ಮ ಕೋಣೆಯಲ್ಲಿರುವುದು ಎರಡು ಬೆಳಕು.

ಕಿಟಕಿಯಿಂದ ಬರುವ ಹಗಲು ಬೆಳಕು ಸುಮಾರು 5500 ಕೆಲ್ವಿನ್, ನೆರಳಿನ ಕಡೆಯಾದರೆ ಇನ್ನೂ ನೀಲಿ. ಮೇಲೆ ಉರಿಯುವ ಹಳದಿ ಬಲ್ಬ್ ಸುಮಾರು 2700 ಕೆಲ್ವಿನ್. ಟೇಬಲ್ ಮೇಲೆ ಮಲಗಿಸಿದ ಕಾರ್ಡ್ ಮುಖ ಮೇಲಕ್ಕೆ ಮಾಡಿಕೊಂಡು ಬಲ್ಬನ್ನೇ ಹೆಚ್ಚು ನೋಡುತ್ತದೆ. ಅದರ ಪ್ರಕಾರ ಸೆಟ್ ಮಾಡಿದರೆ ಕಿಟಕಿ ಬದಿಯ ಕೆನ್ನೆ ನೀಲಿಯಾಗುತ್ತದೆ. ಕಾರ್ಡನ್ನು ಕಿಟಕಿಗೆ ತಿರುಗಿಸಿದರೆ ಬಲ್ಬ್ ಬದಿ ಹಳದಿ. ಅನುಮಾನವಿದ್ದರೆ ಪರೀಕ್ಷಿಸಿ: ವೈಟ್ ಬ್ಯಾಲೆನ್ಸನ್ನು ಡೇಲೈಟ್‌ನಲ್ಲಿ ಇಟ್ಟು, ಕಾರ್ಡನ್ನು ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ ಎರಡು ಫೋಟೋ ತೆಗೆಯಿರಿ. ಒಂದೇ ಕಾರ್ಡ್ ಎರಡು ಬಣ್ಣದಲ್ಲಿ ಕಾಣುತ್ತದೆ.

ಆದ್ದರಿಂದ ಮೊದಲು ಬಲ್ಬ್ ಆರಿಸಿ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕತ್ತಲೆಯಾದ ಬದಿಗೆ ಬೆಳಕು ಬೇಕಾದರೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿದು ಕಿಟಕಿಯ ಬೆಳಕನ್ನೇ ಹಿಂದಿರುಗಿಸಿ. ನಂತರ ಕೂತವರ ಕೈಗೇ ಕಾರ್ಡ್ ಕೊಟ್ಟು, ಗಲ್ಲದ ಕೆಳಗೆ, ಕ್ಯಾಮೆರಾಗೆ ಎದುರಾಗಿ ಹಿಡಿಯಲು ಹೇಳಿ. ಕಾರ್ಡ್ ಮೇಲೆ ಹೊಳಪು ಕಂಡರೆ ಸ್ವಲ್ಪ ವಾಲಿಸಬೇಕು. ಕೆಂಪು ಅಂಗಿ ತೊಟ್ಟವರಾದರೆ ಅದರ ಛಾಯೆ ಕಾರ್ಡಿಗೆ ಬೀಳದಂತೆ ಮೈಯಿಂದ ತುಸು ದೂರ ಹಿಡಿಯಲಿ.

ಕಾರ್ಡ್ ಫ್ರೇಮಿನ ಮಧ್ಯಭಾಗವನ್ನು ತುಂಬುವಷ್ಟು ಹತ್ತಿರ ಹೋಗಿ, ಆದರೆ ನಿಮ್ಮ ನೆರಳು ಅದರ ಮೇಲೆ ಬೀಳಬಾರದು. ಸಪಾಟಾದ ಕಾರ್ಡ್ ಮೇಲೆ ಆಟೋಫೋಕಸ್ ತಡಕಾಡಿ ಶಟರ್ ಬೀಳದೇ ಹೋಗಬಹುದು. ಮ್ಯಾನ್ಯುಯಲ್‌ಗೆ ಹಾಕಿಬಿಡಿ, ಕಾರ್ಡ್ ಮಸುಕಾಗಿದ್ದರೂ ಅಡ್ಡಿಯಿಲ್ಲ. ಎಕ್ಸ್‌ಪೋಶರ್ ಮಾತ್ರ ಸರಿಯಿರಬೇಕು, ಹಿಸ್ಟೋಗ್ರಾಮಿನ ಗುಡ್ಡ ನಡುವಿನಲ್ಲಿರಲಿ. ಒಂದು ಬಣ್ಣ ಬಲತುದಿಗೆ ಬಡಿದರೆ ಅದರ ಅಳತೆಯೇ ಸಿಗುವುದಿಲ್ಲ, ತೀರಾ ಕತ್ತಲಾದರೆ ನಾಯ್ಸ್ ಲೆಕ್ಕ ಕೆಡಿಸುತ್ತದೆ. ಆಮೇಲೆ ಮೆನುವಿನ ಕಸ್ಟಮ್ ವೈಟ್ ಬ್ಯಾಲೆನ್ಸ್‌ನಲ್ಲಿ ಈ ಫೋಟೋ ಆರಿಸಿ. ಹಲವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಕೆಲವು ಕ್ಯಾಮೆರಾಗಳಲ್ಲಿ ವೈಟ್ ಬ್ಯಾಲೆನ್ಸ್ ಮೋಡನ್ನೂ ಕಸ್ಟಮ್‌ಗೆ ಬದಲಾಯಿಸಬೇಕು, ಇಲ್ಲವಾದರೆ ಅದು ಆಟೋದಲ್ಲೇ ಉಳಿದಿರುತ್ತದೆ.

ರಾ ಫೈಲ್ ತೆಗೆಯುವವರಿಗೆ ಇದೆಲ್ಲ ಇನ್ನೂ ಹಗುರ: ಕಾರ್ಡ್ ಇರುವ ಒಂದು ಫ್ರೇಮ್ ತೆಗೆದಿಟ್ಟುಕೊಂಡು, ಎಡಿಟಿಂಗ್‌ನಲ್ಲಿ ಡ್ರಾಪರನ್ನು ಕಾರ್ಡ್ ಮೇಲೆ ಕ್ಲಿಕ್ ಮಾಡಿ, ಬಂದ Temp ಮತ್ತು Tint ಬೆಲೆಗಳನ್ನು ಅದೇ ಬೆಳಕಿನ ಉಳಿದ ಫೋಟೋಗಳಿಗೂ ಹಾಕಿದರಾಯಿತು. ಕಾರ್ಡ್ ಮೇಲೆ ಕರ್ಸರ್ ಇಟ್ಟಾಗ ಮೂರೂ ಬಣ್ಣದ ಅಂಕಿಗಳು ಹೆಚ್ಚುಕಡಿಮೆ ಸಮವಾಗಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಹೊರಗೆ ಮೋಡ ಮುಚ್ಚಿದರೆ ಅಥವಾ ಕೂತವರು ಜಾಗ ಬದಲಿಸಿದರೆ ಕಾರ್ಡಿನ ಫೋಟೋವನ್ನು ಮತ್ತೆ ತೆಗೆಯಲೇಬೇಕು.

ಕಾರ್ಡಿನ ಬದಲು ಪ್ರಿಂಟರ್ ಕಾಗದ ಸಾಕಲ್ಲವೇ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಸಾಲದು. ಹೆಚ್ಚು ಬೆಳ್ಳಗೆ ಕಾಣಲೆಂದು ಅಂಥ ಕಾಗದಕ್ಕೆ ಸೇರಿಸುವ ರಾಸಾಯನಿಕ, ಹಗಲು ಬೆಳಕಿನ ಅತಿನೇರಳೆ ಕಿರಣಗಳನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಕ್ಯಾಮೆರಾ ಆ ನೀಲಿಯನ್ನು ಕಳೆಯುತ್ತದೆ, ಮುಖ ಹಳದಿಗೆ ತಿರುಗುತ್ತದೆ. ವೈಟ್ ಬ್ಯಾಲೆನ್ಸಿಗೆ ಕಾರ್ಡ್ 18 ಶೇಕಡಾ ಬೂದೇ ಆಗಿರಬೇಕೆಂದಿಲ್ಲ. ಆ ಅಂಕಿ ಎಕ್ಸ್‌ಪೋಶರ್ ಅಳೆಯುವವರಿಗೆ ಸಂಬಂಧಿಸಿದ್ದು. ಬಣ್ಣದ ಛಾಯೆ ಇಲ್ಲದಿರುವುದಷ್ಟೇ ಇಲ್ಲಿ ಮುಖ್ಯ, ಹಾಗಾಗಿ ಕೊಳೆಯಾದ, ಬಿಸಿಲಿಗೆ ಬಣ್ಣ ತಿರುಗಿದ ಕಾರ್ಡನ್ನು ಬಳಸಬೇಡಿ.

ಬಲ್ಬ್ ಆರಿಸಲು ಆಗದ ಜಾಗದಲ್ಲಿ, ಮುಖಕ್ಕೆ ಯಾವ ಬೆಳಕು ಹೆಚ್ಚು ಬೀಳುತ್ತಿದೆಯೋ ಅದಕ್ಕೆ ಕಾರ್ಡ್ ತಿರುಗಿಸಿ ಸೆಟ್ ಮಾಡಿ. ಇನ್ನೊಂದು ಬದಿಯ ಛಾಯೆಯನ್ನು ಎಡಿಟಿಂಗ್‌ನಲ್ಲಿ ಆ ಭಾಗಕ್ಕಷ್ಟೇ ಬ್ರಶ್ ಎಳೆದು ಕಡಿಮೆ ಮಾಡಬಹುದು.