‘ಯಾವ ಕೆಲಸವಾದರೂ ಸರಿ’ ಎಂದು ಬರೆಯಬೇಡಿ

ಪ್ರಶ್ನೆ: ಸಬ್‌ಸ್ಟೇಷನ್‌ಗಳ ರಿಲೇ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೇನೆ, ಮಾರ್ಚ್ ಕೊನೆಗೆ ನಿವೃತ್ತಿ. ಅರೆಕಾಲಿಕ ಸಲಹೆಗೂ ಕಿರಿಯರಿಗೆ ಮಾರ್ಗದರ್ಶನಕ್ಕೂ ಸಿಗುತ್ತೇನೆಂದು ಹಳೆಯ ಸಹೋದ್ಯೋಗಿಗಳಿಗೆ ಹೇಗೆ ಬರೆಯಲಿ?

ಉತ್ತರ: ಪ್ರತಿ ವರ್ಷ ಮಾರ್ಚ್ ಹತ್ತಿರವಾದಂತೆ ಈ ಪ್ರಶ್ನೆ ಬರುತ್ತದೆ. ಜೊತೆಗೆ ಬರುವ ಕರಡು ಪತ್ರಗಳಲ್ಲಿ ‘ವಿದ್ಯುತ್ ಕ್ಷೇತ್ರದ ಯಾವ ಕೆಲಸಕ್ಕಾದರೂ ಸಿದ್ಧ’ ಎಂಬ ಸಾಲು ತಪ್ಪುವುದಿಲ್ಲ. ಬಾಗಿಲು ಅಗಲವಾಗಿ ತೆರೆದಿಟ್ಟರೆ ಹೆಚ್ಚು ಜನ ಬರುತ್ತಾರೆಂಬ ನಂಬಿಕೆ ಇದು. ಎಷ್ಟು ಸಲ ಹೇಳಿದರೂ ಅಳಿಯುತ್ತಿಲ್ಲ, ಆದ್ದರಿಂದ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ನಿಮ್ಮ ಪತ್ರ ಓದಿದ ದಿನ ಸಹೋದ್ಯೋಗಿಗೆ ನಿಮ್ಮಿಂದ ಆಗಬೇಕಾದ ಕೆಲಸವೇನೂ ಇರುವುದಿಲ್ಲ. ಆರು ತಿಂಗಳ ನಂತರ, ಒಂದು 11 ಕೆವಿ ಫೀಡರ್‌ನಲ್ಲಿ ದೋಷವಾದಾಗ ಆ ಫೀಡರ್‌ನ ಬ್ರೇಕರ್ ಬದಲು ಇನ್‌ಕಮಿಂಗ್ ಬ್ರೇಕರ್ ಟ್ರಿಪ್ ಆಗಿ ಊರಿಗೆ ಊರೇ ಕತ್ತಲಾದಾಗ, ಅವರಿಗೆ ಒಬ್ಬರು ನೆನಪಾಗಬೇಕು. ‘ಯಾವ ಕೆಲಸವಾದರೂ’ ಎಂದವರು ಆ ಹೊತ್ತಿಗೆ ನೆನಪಾಗುವುದಿಲ್ಲ. ಪತ್ರದಲ್ಲಿ ಆ ತೊಂದರೆಯನ್ನೇ ಹೆಸರಿಸಿದವರು ನೆನಪಾಗುತ್ತಾರೆ. ಹಾಗಾಗಿ ಹೀಗೆ ಬರೆಯಿರಿ:

‘ಫೀಡರ್ ದೋಷಕ್ಕೆ ಇನ್‌ಕಮಿಂಗ್ ಬ್ರೇಕರ್ ಬೀಳುತ್ತಿದ್ದರೆ ಎರಡೂ ರಿಲೇಗಳ ಸೆಟ್ಟಿಂಗ್, ಸಿ.ಟಿ. ಅನುಪಾತ ಮತ್ತು ಟ್ರಿಪ್ ಆದಾಗಿನ ದಾಖಲೆ ಕಳುಹಿಸಿ. ದೋಷಪ್ರವಾಹಕ್ಕೆ ಎರಡು ರಿಲೇಗಳ ನಡುವೆ ಸಮಯದ ಅಂತರ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿ ಲಿಖಿತ ವರದಿ ಕೊಡುತ್ತೇನೆ. ಮಂಗಳವಾರ, ಗುರುವಾರ ಲಭ್ಯ. ಶುಲ್ಕ ವರದಿಯೊಂದಕ್ಕೆ ಇಷ್ಟು.’

ಈ ಅಂತರವನ್ನು ಸುಮಾರು 0.3 ಸೆಕೆಂಡ್ ಇಡುವುದು ರೂಢಿ. 0.1ಕ್ಕೆ ಇಳಿದಿದ್ದರೆ ಫೀಡರ್ ಬ್ರೇಕರ್ ತೆರೆದು ಮುಗಿಸುವ ಮೊದಲೇ ಇನ್‌ಕಮಿಂಗ್ ರಿಲೇಯೂ ಟ್ರಿಪ್ ಆದೇಶ ಕೊಟ್ಟುಬಿಡಬಹುದು. ಇದನ್ನು ಓದಿದವರಿಗೆ ನಿಮ್ಮ ಪರಿಣತಿ ತಾನಾಗಿ ತಿಳಿಯುತ್ತದೆ. ಹುದ್ದೆಗಳ ಪಟ್ಟಿ ಬೇಕಿಲ್ಲ. ಇತರ ಕೆಲಸಗಳೂ ಕೈತಪ್ಪುವುದಿಲ್ಲ, ಒಂದು ವರದಿ ಚೆನ್ನಾಗಿ ಬಂದರೆ ಅವರೇ ಉಳಿದದ್ದನ್ನು ಕೇಳುತ್ತಾರೆ.

ಮಾರ್ಗದರ್ಶನವನ್ನು ಬೇರೆ ಪ್ಯಾರಾದಲ್ಲಿಡಿ. ಅದು ಉಚಿತವೇ, ತಿಂಗಳಿಗೆ ಎಷ್ಟು ಗಂಟೆ, ಫೋನಿನಲ್ಲೋ ಸಬ್‌ಸ್ಟೇಷನ್‌ನಲ್ಲೋ ಎಂದು ಹೇಳಿ. ಎರಡನ್ನೂ ಬೆರೆಸಿದರೆ ‘ಒಂದು ಸಣ್ಣ ಸಂದೇಹ ಸಾರ್’ ಎಂದು ಶುರುವಾದ ಕರೆ ಇಡೀ ಸೆಟ್ಟಿಂಗ್ ಪರಿಶೀಲನೆಯಾಗಿ ಮುಗಿಯುತ್ತದೆ, ಶುಲ್ಕ ಕೇಳಲು ನಿಮಗೆ ಬಾಯಿ ಬರುವುದಿಲ್ಲ.

ನೀವು ಕೇಳದ ಒಂದು ವಿಷಯವೂ ಇದೆ. ಕೇಂದ್ರ ಸರ್ಕಾರದ ಗ್ರೂಪ್ ‘ಎ’ ಸೇವೆಯಿಂದ ನಿವೃತ್ತರಾಗಿ ಪಿಂಚಣಿ ಪಡೆಯುವವರು ಮೊದಲ ಒಂದು ವರ್ಷದೊಳಗೆ ವಾಣಿಜ್ಯ ಉದ್ಯೋಗ ಹಿಡಿಯಲು ಸರ್ಕಾರದ ಪೂರ್ವಾನುಮತಿ ಬೇಕು. ಹಿಂದಿನ ಹುದ್ದೆಗೆ ಸಂಬಂಧಿಸಿದ ಸ್ವಂತ ಸಲಹಾ ವೃತ್ತಿಯೂ ಅದರ ವ್ಯಾಪ್ತಿಗೆ ಬರಬಹುದು. ಮೀರಿದರೆ ಪಿಂಚಣಿಗೇ ಕುತ್ತು. ರಾಜ್ಯ ಸೇವೆ, ನಿಗಮ, ಖಾಸಗಿ ಕಂಪನಿಗಳಿಗೆ ಬೇರೆ ಬೇರೆ ಷರತ್ತುಗಳಿರುತ್ತವೆ, ನಿಮ್ಮ ಸೇವಾ ನಿಯಮ ಅಥವಾ ನೇಮಕಾತಿ ಒಪ್ಪಂದ ತೆಗೆದು ಓದಿ. ಅನುಮತಿ ಬೇಕಿದ್ದರೆ ಅದು ಕೈಗೆ ಬಂದ ಮೇಲೆಯೇ ಪತ್ರಕ್ಕೆ ದಿನಾಂಕ ಹಾಕಿ.