ಷರಾ ಕಾಲಂ ಬಿಟ್ಟ ಸ್ಕ್ಯಾನು, ಸಹಿ ಇಲ್ಲದ ಅನುವಾದ

ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಕೊಡುವುದು ನನ್ನ ಕೆಲಸ. ಶಿವಮೊಗ್ಗದಲ್ಲಿ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಪ್ಪ ಅಮ್ಮಂದಿರು. ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ, ಅಲ್ಲಿನ ಕಚೇರಿ ಜನನ ಪತ್ರವನ್ನೋ ಮದುವೆ ಪತ್ರವನ್ನೋ ಕೇಳಿರುತ್ತದೆ. ಸುಮಾರು ಎಲ್ಲರೂ ಕೇಳುವುದು ಒಂದೇ: "ಡಿಟಿಪಿ ಅಂಗಡೀಲಿ ಟೈಪ್ ಮಾಡಿಸಿ ನೋಟರಿ ಸೀಲ್ ಹಾಕಿಸಿದ್ರೆ ಆಗಲ್ವಾ?"

ಹಾಗೆ ಮಾಡಿ ಕಳಿಸಿದ ಒಂದು ಅರ್ಜಿಯ ಕತೆ ಹೇಳುತ್ತೇನೆ. ಮಗಳು ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದಳು. ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, 1986ರಲ್ಲಿ. ಜನನ ಪತ್ರ ಆಗಿನ ಕಾಲದ್ದು, ಕೈಯಲ್ಲಿ ಬರೆದದ್ದು, ಪೂರ್ತಿ ಕನ್ನಡ. ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿಟ್ಟ ಕಾಗದ. ಅಪ್ಪ ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಅನುವಾದ ಟೈಪ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ ಮಗಳಿಗೆ ಕಳಿಸಿದ್ದರು. ಕೆಲವು ತಿಂಗಳ ನಂತರ ಅಲ್ಲಿನ ವಲಸೆ ಕಚೇರಿಯಿಂದ ಇನ್ನಷ್ಟು ದಾಖಲೆ ಕೊಡಿ ಅಂತ ಪತ್ರ ಬಂತು. ಆಗ ಮೂಲ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು.

ಮೂಲ ನೋಡಿದ ತಕ್ಷಣ ಒಂದು ತೊಂದರೆ ಕಂಡಿತು. ಮಗುವಿನ ಹೆಸರಿನ ಜಾಗ ಖಾಲಿ. ಇದು ಆಗ ತುಂಬಾ ಮಾಮೂಲಿ. ನಾಮಕರಣಕ್ಕೆ ಮೊದಲೇ ಹುಟ್ಟನ್ನು ಬರೆಸುತ್ತಿದ್ದರು, ಹೆಸರನ್ನು ಆಮೇಲೆ ಸೇರಿಸುತ್ತಿದ್ದರು. ಈ ಪತ್ರದಲ್ಲೂ ಹೆಸರಿತ್ತು, ಆದರೆ ಕೊನೆಯ ಷರಾ ಕಾಲಂನಲ್ಲಿ. ಸಣ್ಣ ಅಕ್ಷರದಲ್ಲಿ "ಮಗುವಿನ ಹೆಸರು ಸೇರಿಸಲಾಗಿದೆ" ಅಂತ ಬರೆದು, ಹೆಸರು, ದಿನಾಂಕ, ಕಿರು ಸಹಿ, ಅದರ ಮೇಲೆ ನೇರಳೆ ಶಾಯಿಯ ಮೊಹರು. ಫೋನಿನ ಸ್ಕ್ಯಾನ್ ಆಪ್ ಅಂಚನ್ನು ತಾನೇ ಕತ್ತರಿಸುವಾಗ ಷರಾ ಕಾಲಂನ ಅರ್ಧ ಹೋಗಿತ್ತು. ಉಳಿದರ್ಧದಲ್ಲಿ ಮಾಸಿದ ನೇರಳೆ ಮೊಹರನ್ನು ಕಪ್ಪು-ಬಿಳುಪಿನ ಫಿಲ್ಟರ್ ಕಲೆ ಅಂದುಕೊಂಡು ಅಳಿಸಿತ್ತು. ಟೈಪ್ ಮಾಡಿದವರು ಸ್ಕ್ಯಾನ್ ನೋಡಿಕೊಂಡೇ ಅನುವಾದ ಮಾಡಿದ್ದರಿಂದ ಅದರಲ್ಲೂ ಷರಾ ಇಲ್ಲ. ಅಂದರೆ ಅಮೆರಿಕದ ಅಧಿಕಾರಿಯ ಕೈಗೆ ಹೋದದ್ದು ಹೆಸರೇ ಇಲ್ಲದ ಮಗುವಿನ ಜನನ ಪತ್ರ!

ಹಾಗಾಗಿ ಸ್ಕ್ಯಾನ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಹಳೆಯ ಕಾಗದಕ್ಕೆ ಗಾಜಿನ ಮೇಲೆ ಮಗುಚಿಡುವ ಸ್ಕ್ಯಾನರೇ ಒಳ್ಳೆಯದು. ಕಲರ್‌ನಲ್ಲಿ, 300 ಡಿಪಿಐನಲ್ಲಿ ಮಾಡಿಸಿ. ಕಾಗದದ ನಾಲ್ಕೂ ಅಂಚು ಕಾಣಬೇಕು, ಸುತ್ತ ಸ್ವಲ್ಪ ಖಾಲಿ ಜಾಗ ಇದ್ದರೆ ಇನ್ನೂ ಒಳ್ಳೆಯದು. ಹಿಂಬದಿಯಲ್ಲಿ ಒಂದು ಸೀಲ್ ಇದ್ದರೂ ಅದನ್ನೂ ಮಾಡಿಸಿ, ಎರಡೂ ಪುಟ ಒಂದೇ ಫೈಲಿನಲ್ಲಿರಲಿ. ಮಳೆಗಾಲದಲ್ಲಿ ಹಾಳಾಗುತ್ತದೆ ಅಂತ ಲ್ಯಾಮಿನೇಶನ್ ಮಾಡಿಸಿಟ್ಟವರು ನಮ್ಮ ಕಡೆ ಬಹಳ. ಅದನ್ನು ಫೋನಿನಲ್ಲಿ ತೆಗೆದರೆ ಬೆಳಕು ಹೊಳೆದು ಸರಿಯಾಗಿ ನೋಂದಣಿ ಸಂಖ್ಯೆಯ ಮೇಲೇ ಬೀಳುತ್ತದೆ, ಸ್ಕ್ಯಾನರ್‌ನಲ್ಲಿ ಆ ಕಾಟ ಕಡಿಮೆ. ಮಾಡಿಸಿದ ಮೇಲೆ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ, ಮೂಲವನ್ನು ಪಕ್ಕದಲ್ಲಿಟ್ಟು, ಪ್ರತಿ ಮೊಹರು ಬಂದಿದೆಯಾ ನೋಡಿ.

ಇನ್ನು ಅನುವಾದದ ವಿಷಯ. ಆ ಅನುವಾದದ ಇಂಗ್ಲಿಷ್ ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಅದನ್ನು ಯಾರು ಮಾಡಿದರು ಅಂತ ಎಲ್ಲೂ ಇರಲಿಲ್ಲ. ಅಮೆರಿಕದ ವಲಸೆ ನಿಯಮ ಕೇಳುವುದು ಇಷ್ಟು: ದಾಖಲೆಯ ಪೂರ್ತಿ ಅನುವಾದ ಇರಬೇಕು, ಅದು ಪೂರ್ತಿಯಾಗಿದೆ ಮತ್ತು ಸರಿಯಾಗಿದೆ ಅಂತ ಅನುವಾದಕರು ಬರೆದುಕೊಡಬೇಕು, ಮೂಲ ಭಾಷೆಯಿಂದ ಇಂಗ್ಲಿಷಿಗೆ ಅನುವಾದ ಮಾಡಲು ತಮಗೆ ಬರುತ್ತದೆ ಅಂತಲೂ ಬರೆದುಕೊಡಬೇಕು. ಅದರ ಕೆಳಗೆ ಸಹಿ, ಪೂರ್ತಿ ಹೆಸರು, ವಿಳಾಸ, ದಿನಾಂಕ ಹಾಕುವುದು ರೂಢಿ. ದೃಢೀಕೃತ ಅನುವಾದ ಅಂದರೆ ಈ ಹೇಳಿಕೆ ಇರುವ ಅನುವಾದ. ಇದಿಲ್ಲದಿದ್ದರೆ ಅದು ಸಾದಾ ಅನುವಾದ, ಓದಿ ತಿಳಿದುಕೊಳ್ಳಲು, ಫಾರಂ ತುಂಬಲು, ವಕೀಲರಿಗೆ ತೋರಿಸಲು ಸಾಕು, ಅಷ್ಟೇ.

ನೋಟರಿ ಸೀಲ್ ಇತ್ತಲ್ಲ, ಅದು? ಸಾಮಾನ್ಯವಾಗಿ ನೋಟರಿ ದೃಢೀಕರಿಸುವುದು ಇಂಥವರು ತನ್ನ ಮುಂದೆ ಸಹಿ ಮಾಡಿದರು ಅನ್ನುವುದನ್ನು. ಅನುವಾದಕರ ಸಹಿಯೇ ಇಲ್ಲದ ಹಾಳೆಯ ಮೇಲೆ ಆ ಸೀಲಿಗೆ ಏನು ಅರ್ಥ ಅಂತ ನೀವೇ ಯೋಚಿಸಿ. ಅಮೆರಿಕದ ವಲಸೆ ಕಚೇರಿ ಅನುವಾದಕ್ಕೆ ನೋಟರಿ ಕೇಳುವುದೇ ಇಲ್ಲ. ಬ್ರಿಟನ್ನೂ ಹೆಚ್ಚುಕಡಿಮೆ ಹೀಗೆಯೇ, ಅನುವಾದಕರ ಹೇಳಿಕೆ, ದಿನಾಂಕ, ಹೆಸರು, ಸಹಿ, ಸಂಪರ್ಕ ವಿವರ ಬೇಕು. ಕೆನಡಾಕ್ಕೆ ಮಾತ್ರ ಬೇರೆ ಲೆಕ್ಕ. ಅಲ್ಲಿನ ಮಾನ್ಯತೆ ಪಡೆದ ಅನುವಾದಕರು ಅಲ್ಲದಿದ್ದರೆ ಅನುವಾದಕರು ಪ್ರಮಾಣ ಮಾಡಿದ ಅಫಿಡವಿಟ್ ಬೇಕು, ಮತ್ತು ಮನೆಯವರು ಅನುವಾದ ಮಾಡುವ ಹಾಗಿಲ್ಲ. ನೋಟರಿ ಕೆಲಸಕ್ಕೆ ಬರುವುದು ಅಲ್ಲಿ. ಜರ್ಮನಿಯ ಕಚೇರಿಗಳು ಸಾಮಾನ್ಯವಾಗಿ ಅಲ್ಲಿನ ಕೋರ್ಟಿನಲ್ಲಿ ಪ್ರಮಾಣ ಮಾಡಿದ ಅನುವಾದಕರನ್ನೇ ಕೇಳುತ್ತವೆ, ಅದಕ್ಕೆ ಇಲ್ಲಿ ದುಡ್ಡು ಹಾಕುವ ಮೊದಲು ಕೇಳಿಕೊಳ್ಳಿ.

ನಾನು ಆ ಪತ್ರವನ್ನು ಮೂಲ ನೋಡಿಕೊಂಡು ಮತ್ತೆ ಅನುವಾದ ಮಾಡಿದೆ. ಹೆಸರಿನ ಜಾಗದಲ್ಲಿ ಹೆಸರು ತುಂಬಲಿಲ್ಲ, ಖಾಲಿ ಇದೆ ಅಂತಲೇ ಬರೆದೆ, ಹೆಸರು ಷರಾದಲ್ಲಿ ಬಂತು. ಮೂಲದಲ್ಲಿ ಎಲ್ಲಿದೆಯೋ ಅಲ್ಲೇ ಇರಬೇಕು. ಮೊಹರಿನಲ್ಲಿ ಓದಲಾಗುವುದನ್ನು ಬರೆದು, ಮಾಸಿದ ಕಡೆ ಓದಲಾಗುತ್ತಿಲ್ಲ ಅಂತ ಹಾಕಿದೆ. ದಿನಾಂಕ 5-7-1986 ಅಂತಿತ್ತು. ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ, ಅವರಿಗೆ ಅದು ಮೇ 7. ಅದಕ್ಕೆ ಜುಲೈ ಅಂತ ಅಕ್ಷರದಲ್ಲೇ ಬರೆದೆ.

ಆಮೇಲೆ ಬಂತು ಕಷ್ಟದ ಮಾತು. ಪತ್ರದಲ್ಲಿ ತಾಯಿಯ ಹೆಸರು ಸಾವಿತ್ರಮ್ಮ, ಮಗಳ ಪಾಸ್‌ಪೋರ್ಟಿನಲ್ಲಿ ಸಾವಿತ್ರಿ. "ಇಂಗ್ಲಿಷಲ್ಲಿ ಸಾವಿತ್ರಿ ಅಂತಲೇ ಹಾಕಿಬಿಡಿ, ಇಬ್ರೂ ಒಬ್ರೇ ಅಲ್ವಾ" ಅಂದರು ಅಪ್ಪ. ಹಾಕಲು ಬರುವುದಿಲ್ಲ. ತಿಮ್ಮಪ್ಪ ಅನ್ನುವಂಥ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಎಚ್ ಬೇಕೋ ಬೇಡವೋ ಅನ್ನುವುದಕ್ಕೆ ಪಾಸ್‌ಪೋರ್ಟ್ ನೋಡಿಕೊಳ್ಳಬಹುದು, ಕನ್ನಡದಲ್ಲಿ ಎರಡಕ್ಕೂ ಉಚ್ಚಾರ ಒಂದೇ. ಆದರೆ ಸಾವಿತ್ರಮ್ಮನನ್ನು ಸಾವಿತ್ರಿ ಮಾಡಿ ಕೆಳಗೆ "ಸರಿಯಾಗಿದೆ" ಅಂತ ಸಹಿ ಹಾಕಿದರೆ ಅದು ಸುಳ್ಳು ಹೇಳಿಕೆ. ಇಬ್ಬರೂ ಒಬ್ಬರೇ ಅಂತ ತಾಯಿ ಬೇರೆ ಅಫಿಡವಿಟ್ ಮಾಡಿಕೊಟ್ಟರು, ಜೊತೆಗೆ ಮಗಳ ಶಾಲಾ ದಾಖಲೆ ಇಟ್ಟೆವು. ಪತ್ರದಲ್ಲೇ ತಪ್ಪು ಬಿದ್ದಿದ್ದರೆ ತಿದ್ದುವವರು ಜನನ ಮರಣ ನೋಂದಣಾಧಿಕಾರಿ, ಅನುವಾದಕರಲ್ಲ.

ಮದುವೆ ಪತ್ರದಲ್ಲಿ ಒಂದೇ ಎಚ್ಚರಿಕೆ. ಛತ್ರದವರು, ದೇವಸ್ಥಾನದವರು ಕೊಟ್ಟ ಚೀಟಿಯನ್ನು ಎಷ್ಟು ಚೆನ್ನಾಗಿ ಅನುವಾದ ಮಾಡಿಸಿದರೂ ಉಪನೋಂದಣಾಧಿಕಾರಿ ಕಚೇರಿಯ ನೋಂದಣಿ ಪತ್ರದ ಜಾಗಕ್ಕೆ ಅದು ಬರುವುದಿಲ್ಲ. ಮದುವೆಯಾದ ದಿನ ಮತ್ತು ನೋಂದಣಿಯಾದ ದಿನ ಎರಡೂ ಅನುವಾದದಲ್ಲಿ ಬೇರೆ ಬೇರೆಯಾಗಿಯೇ ಬರಬೇಕು.

ಇಷ್ಟೆಲ್ಲ ಓಡಾಟಕ್ಕೆ ಮೊದಲು ಇನ್ನೊಂದು ದಾರಿ ನೋಡಿ. ಈಗ ಕೊಡುವ ಜನನ ಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತದೆ. ಹಳೆಯ ನೋಂದಣಿ ಪುಸ್ತಕದಲ್ಲಿ ನಿಮ್ಮ ನಮೂದು ಸಿಕ್ಕಿದರೆ ಹೊಸ ಪ್ರತಿ ತೆಗೆಸಬಹುದು, ಎಲ್ಲ ವಿವರವೂ ಇಂಗ್ಲಿಷಿನಲ್ಲಿ ಬಂದಿದ್ದರೆ ಅನುವಾದದ ಗೊಡವೆಯೇ ಇರುವುದಿಲ್ಲ. ಕೊಟ್ಟ ದಿನಾಂಕ ಹೊಸದಾದರೂ ನೋಂದಣಿ ದಿನಾಂಕ ಹಳೆಯದೇ ಇರಬೇಕು, ಅದನ್ನು ಕಚೇರಿಯಲ್ಲೇ ನೋಡಿಕೊಳ್ಳಿ. ಹುಟ್ಟಿ ಎಷ್ಟೋ ವರ್ಷದ ಮೇಲೆ ನೋಂದಣಿಯಾಗಿದೆ ಅಂತ ಕಂಡರೆ ಶಾಲಾ ದಾಖಲೆ, ಅಫಿಡವಿಟ್ ಅಂತ ಇನ್ನೂ ಕೇಳುತ್ತಾರೆ. ಡಿಜಿಟಲ್ ಸಹಿ ಇರುವ ಪಿಡಿಎಫ್ ಸಿಕ್ಕಿದರೆ ಅದನ್ನು ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡಬೇಡಿ, ಇಳಿಸಿಕೊಂಡ ಫೈಲನ್ನೇ ಹಾಗೇ ಮಗಳಿಗೆ ಕಳಿಸಿ.